ಆಸ್ಪತ್ರೆಯ ಪ್ರಶಸ್ತಿಗೆ ನನ್ನ ಹೆಸರನ್ನು ನಾನೇ ಸೂಚಿಸಬೇಕು, 300 ಪದದಲ್ಲಿ ಏನು ಬರೆಯಲಿ?

ಲ್ಯಾಬ್ ಕಿಟಕಿ

ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಶಿಯನ್. ಒಂಬತ್ತು ವರ್ಷ ಆಯಿತು. ಪ್ರತಿ ಜನವರಿಯಲ್ಲಿ ನಮ್ಮಲ್ಲಿ ಒಬ್ಬರಿಗೆ ವರ್ಷದ ಉತ್ತಮ ಸಿಬ್ಬಂದಿ ಪ್ರಶಸ್ತಿ ಕೊಡುತ್ತಾರೆ. ಇಷ್ಟು ವರ್ಷ ವಿಭಾಗದ ಮುಖ್ಯಸ್ಥರು ಹೆಸರು ಕಳಿಸುತ್ತಿದ್ದರು. ಈ ಸಲ ನಮ್ಮ ಹೆಸರನ್ನು ನಾವೇ ಸೂಚಿಸಬಹುದು ಅಂತ ಸುತ್ತೋಲೆ ಬಂದಿದೆ. ಕನ್ನಡದಲ್ಲೂ ಬರೆಯಬಹುದು. 300 ಪದದ ಮಿತಿ. "ನಿಮ್ಮ ಕೊಡುಗೆ ಏನು, ಅದರಿಂದ ಏನು ಬದಲಾಯಿತು" ಅಂತ ಕೇಳಿದ್ದಾರೆ. ಶನಿವಾರ ಕೊನೆ ದಿನ.

ನಾನು ಮಾಡಿದ ಕೆಲಸ ಇಷ್ಟು. ವಾರ್ಡ್ ಮತ್ತು ಎಮರ್ಜೆನ್ಸಿಯಿಂದ ಬರುವ ರಕ್ತದ ಸ್ಯಾಂಪಲ್‌ಗಳಲ್ಲಿ ತುಂಬಾ ರಿಜೆಕ್ಟ್ ಆಗುತ್ತಿದ್ದವು. ಅದು ಕಡಿಮೆಯಾಗುವ ಹಾಗೆ ಕೆಲವು ಕೆಲಸ ಮಾಡಿದೆ. ಮೂರು ರಾತ್ರಿ ಕೂತು ಬರೆದ ಕರಡು ಕೆಳಗಿದೆ. ಓದಿದರೆ ನನಗೇ ಏನೂ ಮಾಡಿಲ್ಲ ಅನ್ನಿಸುತ್ತದೆ. ಜಾಸ್ತಿ ಬರೆದರೆ ಹೊಗಳಿಕೊಂಡ ಹಾಗೆ ಆಗುತ್ತದೆ. ದಯವಿಟ್ಟು ತಿದ್ದಿ ಕೊಡಿ.

"ಕಳೆದ ಒಂಬತ್ತು ವರ್ಷಗಳಿಂದ ಪ್ರಯೋಗಾಲಯ ವಿಭಾಗದಲ್ಲಿ ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಈ ವರ್ಷ ಮಾದರಿಗಳ ಗುಣಮಟ್ಟವನ್ನು ಸುಧಾರಿಸಲು ವಿವಿಧ ಕ್ರಮಗಳನ್ನು ಕೈಗೊಳ್ಳಲಾಯಿತು. ಸಿಬ್ಬಂದಿಗೆ ಸೂಕ್ತ ತರಬೇತಿ ನೀಡಲಾಯಿತು. ತಪ್ಪು ವಿಧಾನಗಳನ್ನು ಸರಿಪಡಿಸಲಾಯಿತು. ಇದರಿಂದ ತಿರಸ್ಕೃತ ಮಾದರಿಗಳ ಸಂಖ್ಯೆ ಗಣನೀಯವಾಗಿ ಕಡಿಮೆಯಾಗಿದೆ. ಈ ಯಶಸ್ಸು ಇಡೀ ತಂಡದ್ದು. ನನ್ನದು ಅಳಿಲು ಸೇವೆ."

ಸೇಲ್ಸ್ ಸೂರಿ

ಮೇಡಂ, ಇದನ್ನು ಓದಿ ಯಾರೂ ಪ್ರಶಸ್ತಿ ಕೊಡುವುದಿಲ್ಲ. ಹನ್ನೆರಡು ವರ್ಷದಿಂದ ಸೇಲ್ಸ್‌ನಲ್ಲಿದ್ದೇನೆ, ಇಂಥ ಫಾರ್ಮ್ ಎಷ್ಟೋ ತುಂಬಿದ್ದೇನೆ. ಎರಡೇ ಮಾತು. ಒಂದು, "ನಾನು" ಅಂತ ಶುರು ಮಾಡಿ. ಎರಡು, ಮೊದಲ ಸಾಲಿನಲ್ಲೇ ಶೇಕಡಾವಾರು ಹಾಕಿ. ಎಷ್ಟು ರಿಜೆಕ್ಟ್ ಆಗುತ್ತಿತ್ತು, ಈಗ ಎಷ್ಟು ಅಂತ ಹೇಳಿ. ಅದರಿಂದ ಆಸ್ಪತ್ರೆಗೆ ಎಷ್ಟು ಲಕ್ಷ ಉಳಿಯಿತು ಅಂತ ಲೆಕ್ಕ ಹಾಕೋಣ. ಮ್ಯಾನೇಜ್‌ಮೆಂಟ್ ನೋಡುವುದು ದುಡ್ಡನ್ನೇ.

ಲ್ಯಾಬ್ ಕಿಟಕಿ

ಸೂರಿ ಸರ್, ಲೆಕ್ಕ ಇದೆ. ರಿಜೆಕ್ಷನ್ ರಿಜಿಸ್ಟರ್ ನಾನೇ ಬರೆಯುವುದು. ಜನವರಿಯಿಂದ ಮಾರ್ಚ್‌ವರೆಗೆ 371 ಟ್ಯೂಬ್ ರಿಜೆಕ್ಟ್. ಜುಲೈಯಿಂದ ಸೆಪ್ಟೆಂಬರ್‌ವರೆಗೆ 158.

ಸೇಲ್ಸ್ ಸೂರಿ

ನೋಡಿ, ಇಟ್ಟುಕೊಂಡೂ ಬರೆದಿಲ್ಲ! 57% ಇಳಿಕೆ. ಬರೆಯುವಾಗ "ಸುಮಾರು 60%" ಅಂತ ಹಾಕಿ. 213 ಟ್ಯೂಬ್ ಉಳಿಯಿತು. ಒಂದು ಟೆಸ್ಟ್‌ಗೆ 300 ರೂಪಾಯಿ ಅಂತ ಇಟ್ಟರೆ ಮೂರು ತಿಂಗಳಿಗೆ 63,900 ರೂಪಾಯಿ. ವರ್ಷಕ್ಕೆ ಎರಡೂವರೆ ಲಕ್ಷ. ಮುಗಿಯಿತಲ್ಲ.

ತಾಲೂಕು ಕಚೇರಿ

ಮೇಡಂ, ನೀವು ಕೇಳುತ್ತಿರುವುದು ಸರ್ವೋತ್ತಮ ಸೇವಾ ಪ್ರಶಸ್ತಿಗಾ? ಏಪ್ರಿಲ್ 21ರ ಸರ್ಕಾರಿ ನೌಕರರ ದಿನಕ್ಕೆ ಕೊಡುವುದು? ಅದಾದರೆ ಸೇವಾ ವಿವರ ಮೊದಲು ಬರಬೇಕು. ಯಾವ ವರ್ಷ ಸೇರಿದಿರಿ, ಎಲ್ಲೆಲ್ಲಿ ಕೆಲಸ ಮಾಡಿದಿರಿ, ಇಲಾಖಾ ವಿಚಾರಣೆ ಬಾಕಿ ಇದೆಯಾ ಅನ್ನುವುದೆಲ್ಲ. ನಾನೂ ಹಾಕಬೇಕು ಅಂತಿದ್ದೇನೆ. ಹದಿನೇಳು ವರ್ಷ ಸರ್ವೀಸ್ ಆಗಿದೆ, ಒಂದು ಮೆಮೋ ಕೂಡ ಬಂದಿಲ್ಲ.

ಲ್ಯಾಬ್ ಕಿಟಕಿ

ಇಲ್ಲ ಸರ್, ನಮ್ಮದು ಖಾಸಗಿ ಆಸ್ಪತ್ರೆ. ಆಸ್ಪತ್ರೆಯವರೇ ಕೊಡುವ ಪ್ರಶಸ್ತಿ.

ಕ್ವಾಲಿಟಿ ಕೋಣೆ

ನಾನು ಮೊದಲು ನರ್ಸ್ ಆಗಿದ್ದೆ. ಆಮೇಲೆ ಬೇರೆ ಆಸ್ಪತ್ರೆಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದೆ. ಇಂಥ ಆಯ್ಕೆ ಸಮಿತಿಯಲ್ಲಿ ಆರು ವರ್ಷ ಕೂತಿದ್ದೇನೆ. ನಿಮ್ಮ ಕೆಲಸ ಒಳ್ಳೆಯದು ಅಂತ ಕಾಣುತ್ತದೆ, ಆದರೆ ಕರಡಿನಲ್ಲಿ ಅದು ಎಲ್ಲೂ ಇಲ್ಲ. ಸೂರಿಯವರು ಸಂಖ್ಯೆ ಬೇಕು ಅಂದದ್ದು ಸರಿ. ಆದರೆ ಅವರು ಹಾಕಿಕೊಟ್ಟ ಸಂಖ್ಯೆಗಳನ್ನು ಇಟ್ಟರೆ ಸಮಿತಿಯಲ್ಲಿರುವ ಒಬ್ಬ ಡಾಕ್ಟರ್ ಎರಡೇ ಪ್ರಶ್ನೆಯಲ್ಲಿ ಬೀಳಿಸಿಬಿಡುತ್ತಾರೆ.

ಮೊದಲನೆಯದು, 371 ಯಾವುದರಲ್ಲಿ? ಮಳೆಗಾಲದಲ್ಲಿ ರೋಗಿಗಳು ಕಡಿಮೆ ಬಂದರೆ ರಿಜೆಕ್ಟ್ ಆಗುವುದೂ ತಾನಾಗಿಯೇ ಕಡಿಮೆಯಾಗುತ್ತದೆ. ಒಟ್ಟು ಎಷ್ಟು ಟ್ಯೂಬ್ ಬಂದವು ಅಂತ ಪಕ್ಕದಲ್ಲಿ ಬೇಕು.

ಎರಡನೆಯದು ದುಡ್ಡು. ಕೆಂಪು ಕಣ ಒಡೆದು ಹಿಮೋಲೈಸ್ ಆದದ್ದೋ, ಗಡ್ಡೆ ಕಟ್ಟಿದ್ದೋ, ಲೇಬಲ್ ಇಲ್ಲದ್ದೋ ಆದ ಟ್ಯೂಬನ್ನು ಸಾಮಾನ್ಯವಾಗಿ ಟೆಸ್ಟ್ ಪೂರ್ತಿ ಮಾಡುವ ಮೊದಲೇ ಪಕ್ಕಕ್ಕೆ ಇಡುತ್ತೀರಿ, ಅಲ್ವಾ? ಹಾಗಾದರೆ ಟೆಸ್ಟ್‌ಗೆ ಬಳಸುವ ರಾಸಾಯನಿಕ, ಅಂದರೆ ರೀಏಜೆಂಟ್, ಬಹುಪಾಲು ಖರ್ಚೇ ಆಗಿರುವುದಿಲ್ಲ. 300 ರೂಪಾಯಿ ರೋಗಿಗೆ ಹಾಕುವ ಬಿಲ್, ಆಸ್ಪತ್ರೆಗೆ ಆಗುವ ನಷ್ಟವಲ್ಲ. ಉಳಿದದ್ದು ಒಂದು ಟ್ಯೂಬ್, ಒಂದು ಸೂಜಿ, ನರ್ಸ್‌ನ ಹತ್ತು ನಿಮಿಷ, ರೋಗಿಯ ಕೈಗೆ ಇನ್ನೊಂದು ಚುಚ್ಚು. ಆ ಕೊನೆಯದೇ ನಿಮ್ಮ ಕೆಲಸದ ತಿರುಳು. ಅದನ್ನು ಬಿಟ್ಟು ಲಕ್ಷದ ಲೆಕ್ಕ ಬೇಡ.

ಈಗ ನನ್ನ ಪ್ರಶ್ನೆಗಳು. ಈ ಕೆಲಸಕ್ಕೆ ಯಾಕೆ ಕೈ ಹಾಕಿದಿರಿ? ನಿಮ್ಮ ಕೈಯಾರೆ ಮಾಡಿದ್ದು ಏನೇನು? ಅದೇ ಸಮಯದಲ್ಲಿ ಆಸ್ಪತ್ರೆಯಲ್ಲಿ ಬೇರೆ ಏನು ಬದಲಾಯಿತು? ಕೊನೆಯದಾಗಿ, ರಿಜೆಕ್ಟ್ ಮಾಡುವ ನಿಯಮವನ್ನು ನಡುವೆ ಸಡಿಲ ಮಾಡಿದ್ದೀರಾ?

ಸೇಲ್ಸ್ ಸೂರಿ

ರೀಏಜೆಂಟ್ ವಿಷಯ ನನಗೆ ಗೊತ್ತಿರಲಿಲ್ಲ. ಆ ಲೆಕ್ಕ ವಾಪಸ್ ತಗೊಂಡೆ. ಶೇಕಡಾವಾರು ಮಾತ್ರ ಇರಲಿ ಅಂತಲೇ ನನ್ನ ವಾದ.

ಲ್ಯಾಬ್ ಕಿಟಕಿ

ಮೇಡಂ, ಒಂದೊಂದಾಗಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಯಾಕೆ ಅಂದರೆ, ಫೆಬ್ರವರಿಯಲ್ಲಿ ಒಂದು ರಾತ್ರಿ ನನ್ನ ಡ್ಯೂಟಿ ಇತ್ತು. ಎಮರ್ಜೆನ್ಸಿಗೆ ಬಂದ ಒಬ್ಬ ಅಜ್ಜಿಯ ಸ್ಯಾಂಪಲ್ ಸೆಂಟ್ರಿಫ್ಯೂಜ್‌ನಿಂದ ತೆಗೆದೆ. ಮೇಲಿನ ಸೀರಂ ತಿಳಿ ಹಳದಿ ಇರಬೇಕು. ಅದು ದಾಳಿಂಬೆ ರಸದ ಬಣ್ಣ ಇತ್ತು. ಕೆಂಪು ಕಣಗಳು ಒಡೆದಿವೆ ಅಂತ ಅರ್ಥ. ಕಣದ ಒಳಗೆ ಪೊಟ್ಯಾಶಿಯಂ ತುಂಬಾ ಇರುತ್ತದೆ. ಅದು ಹೊರಗೆ ಸುರಿದರೆ ರಿಪೋರ್ಟ್‌ನಲ್ಲಿ ಸುಳ್ಳೇ ಜಾಸ್ತಿ ತೋರಿಸುತ್ತದೆ. ಡಾಕ್ಟರ್ ಹೃದಯಕ್ಕೆ ಅಪಾಯ ಅಂದುಕೊಂಡು ಬೇಡದ ಔಷಧಿ ಕೊಡಬಹುದು. ಅದಕ್ಕೆ ಇನ್ನೊಂದು ಸ್ಯಾಂಪಲ್ ಕೇಳಿದೆ. ಅದೂ ಕೆಂಪು. ಮೂರನೆಯದನ್ನು ನಾನೇ ಹೋಗಿ ತೆಗೆದೆ. ಅಜ್ಜಿಯ ಕೈಯಲ್ಲಿ ಆಗಲೇ ಎರಡು ಕಡೆ ನೀಲಿಗಟ್ಟಿತ್ತು. "ಮಗಾ, ಇನ್ನೂ ಎಷ್ಟು ಸಲ?" ಅಂದರು. ಮನೆಗೆ ಹೋದ ಮೇಲೂ ಆ ಮಾತು ಬಿಡಲಿಲ್ಲ.

ನಾನು ಮಾಡಿದ್ದು. ಮೊದಲು ರಿಜಿಸ್ಟರ್‌ನಲ್ಲಿ "ರಿಜೆಕ್ಟ್" ಅಂತಷ್ಟೇ ಬರೆಯುತ್ತಿದ್ದೆವು. ಕಾರಣಕ್ಕೂ ವಾರ್ಡ್‌ಗೂ ಬೇರೆ ಕಾಲಂ ಹಾಕಿ, ಜನವರಿಯಿಂದ ಹಿಂದಿನದನ್ನೂ ಕಂಪ್ಯೂಟರ್‌ನಲ್ಲಿ ನೋಡಿ ತುಂಬಿದೆ. ಅರ್ಧಕ್ಕಿಂತ ಜಾಸ್ತಿ ಎಮರ್ಜೆನ್ಸಿಯದೇ ಅಂತ ಗೊತ್ತಾಯಿತು. ಅಲ್ಲಿಂದ ಬಂದ 1,850 ಟ್ಯೂಬ್‌ಗಳಲ್ಲಿ 190 ರಿಜೆಕ್ಟ್. ಮಾರ್ಚ್‌ನಲ್ಲಿ ಸೂಪರಿಂಟೆಂಡೆಂಟ್ ಅನುಮತಿ ತೆಗೆದುಕೊಂಡು ಆರು ರಾತ್ರಿ ಎಮರ್ಜೆನ್ಸಿಯಲ್ಲಿ ನಿಂತು ನೋಡಿದೆ. ಡ್ರಿಪ್ ಕೊಡಲು ರಕ್ತನಾಳಕ್ಕೆ ಹೊಸದಾಗಿ ಹಾಕಿದ ಕ್ಯಾನುಲಾದಿಂದಲೇ ಸಿರಿಂಜ್‌ನಲ್ಲಿ ಜೋರಾಗಿ ಎಳೆಯುತ್ತಿದ್ದರು. ಆಮೇಲೆ ಸೂಜಿಯನ್ನು ಟ್ಯೂಬ್‌ನ ರಬ್ಬರ್ ಮುಚ್ಚಳಕ್ಕೆ ಚುಚ್ಚಿ ಹೆಬ್ಬೆರಳಲ್ಲಿ ಒತ್ತಿ ತಳ್ಳುತ್ತಿದ್ದರು. ಎಳೆಯುವಾಗಲೂ ತಳ್ಳುವಾಗಲೂ ಕಣ ಒಡೆಯುತ್ತದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಪೂರ್ತಿ ಶಿಫ್ಟ್ ಬದಲಾಗುವ ಹೊತ್ತಿಗೆ ಹತ್ತು ನಿಮಿಷ ಮಾಡಿ ತೋರಿಸಿದೆ. ಒಟ್ಟು 14 ಸಲ. ಯಾವ ಬಣ್ಣದ ಟ್ಯೂಬ್ ಮೊದಲು ಅಂತ ಒಂದು ಕಾರ್ಡ್ ಬರೆದು ಟ್ರಾಲಿಗೆ ಅಂಟಿಸಿದೆ. ನೀಲಿ, ಹಳದಿ, ಹಸಿರು, ನೇರಳೆ, ಬೂದು.

ಬೇರೆ ಬದಲಾದದ್ದು ಒಂದಿದೆ. ಮೇ ಮಧ್ಯದಲ್ಲಿ ಎಮರ್ಜೆನ್ಸಿಗೆ ವ್ಯಾಕ್ಯೂಮ್ ಹೋಲ್ಡರ್ ಬಂತು. ಸಿರಿಂಜ್ ಇಲ್ಲದೆ ನೇರ ಟ್ಯೂಬ್‌ಗೇ ರಕ್ತ ಬರುವಂಥದ್ದು. ಅದನ್ನು ತರಿಸಿದ್ದು ನರ್ಸಿಂಗ್ ವಿಭಾಗ. ನನ್ನ ಪಟ್ಟಿ ನೋಡಿ ತರಿಸಿದರು, ಆದರೆ ತೀರ್ಮಾನ ಅವರದ್ದು. ಅದಕ್ಕೇ ನನಗೆ "ನಾನು ಮಾಡಿದೆ" ಅನ್ನಲು ಬಾಯಿ ಬರುವುದಿಲ್ಲ.

ನಿಯಮ ಸಡಿಲ ಮಾಡಿಲ್ಲ. ಹಿಮೋಲೈಸ್ ಎಷ್ಟಾಗಿದೆ ಅಂತ ಮಷೀನೇ ಒಂದು ಅಂಕ ಕೊಡುತ್ತದೆ. ಯಾವ ಅಂಕಕ್ಕೆ ರಿಜೆಕ್ಟ್ ಅನ್ನುವುದು ಇಡೀ ವರ್ಷ ಅದೇ ಇತ್ತು.

ಒಟ್ಟು ಟ್ಯೂಬ್ ಮೊದಲ ಮೂರು ತಿಂಗಳಲ್ಲಿ 9,040, ಜುಲೈಯಿಂದ ಸೆಪ್ಟೆಂಬರ್‌ವರೆಗೆ 9,310.

ರಾತ್ರಿ ಪಾಳಿ

ನಾನು ಎಮರ್ಜೆನ್ಸಿ ನರ್ಸ್. ನಿಮ್ಮ ಆಸ್ಪತ್ರೆಯವಳಲ್ಲ. ಓದಿ ಮನಸ್ಸಿಗೆ ಬೇಜಾರಾಯಿತು, ಅದನ್ನು ಹೇಳಿಬಿಡುತ್ತೇನೆ. ಕರಡಿನಲ್ಲಿ "ತಪ್ಪು ವಿಧಾನಗಳನ್ನು ಸರಿಪಡಿಸಲಾಯಿತು" ಅಂದಿದ್ದೀರಿ. ನಾವು ಕ್ಯಾನುಲಾದಿಂದ ರಕ್ತ ತೆಗೆಯುವುದು ಸೋಮಾರಿತನಕ್ಕಲ್ಲ. ಎದೆನೋವು ಅಂತ ಒಬ್ಬರು ಬಂದರೆ ಕ್ಯಾನುಲಾ ಹಾಕಲೇಬೇಕು. ಅದರಿಂದಲೇ ರಕ್ತ ತೆಗೆದರೆ ರೋಗಿಗೆ ಒಂದೇ ಚುಚ್ಚು. ನೀವು ಅಜ್ಜಿಗೆ ಅಂತ ಯೋಚನೆ ಮಾಡಿದಿರಲ್ಲ, ನಾವೂ ಅದನ್ನೇ ಯೋಚನೆ ಮಾಡುತ್ತಿದ್ದೆವು. ನಾಲ್ಕು ಬೆಡ್‌ಗೆ ಒಬ್ಬಳೇ ಇರುವಾಗ ನಿಧಾನವಾಗಿ ಎಳೆಯಲು ಪುರುಸೊತ್ತು ಇರುವುದಿಲ್ಲ.

ಇನ್ನೊಂದು. ನೀವು ಹದಿನಾಲ್ಕು ಸಲ ತೋರಿಸಿದಿರಿ. ಸಾವಿರ ಸಲ ಕೈ ಬದಲಿಸಿಕೊಂಡು ಮಾಡಿದ್ದು ಆ ನರ್ಸ್‌ಗಳು. ಪ್ರಶಸ್ತಿ ಮಾತ್ರ ಲ್ಯಾಬ್‌ಗೆ?

ಲ್ಯಾಬ್ ಕಿಟಕಿ

ಸಿಸ್ಟರ್, ಕ್ಷಮಿಸಿ. "ತಪ್ಪು ವಿಧಾನ" ಅನ್ನುವ ಮಾತು ತೆಗೆಯುತ್ತೇನೆ. ಅಲ್ಲಿ ನಿಂತಾಗ ನನಗೂ ಅದು ಅರ್ಥವಾಗಿತ್ತು. ಒಂದು ರಾತ್ರಿ ಎರಡು ಗಂಟೆಗೆ ಒಟ್ಟಿಗೆ ಮೂರು ಅಪಘಾತದ ಕೇಸ್ ಬಂದಿತ್ತು. ಆಗ ನಾನು ಟ್ಯೂಬ್ ಹಿಡಿದುಕೊಂಡು ಸುಮ್ನೆ ನಿಂತಿದ್ದೆ, ಏನನ್ನೂ ಹೇಳಲಿಲ್ಲ. ನೀವು ಕೇಳಿದ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಫಾರ್ಮ್‌ನಲ್ಲಿ ಒಂದೇ ಹೆಸರಿಗೆ ಜಾಗ ಇದೆ.

ಕ್ವಾಲಿಟಿ ಕೋಣೆ

ರಾತ್ರಿ ಪಾಳಿಯವರು ಹೇಳಿದ್ದು ನಿಜ. ಬರಹದಲ್ಲೂ ಅದು ಬರಬೇಕು. ಒಂದೇ ಚುಚ್ಚಿನಲ್ಲಿ ಮುಗಿಸೋಣ ಅಂತ ಕ್ಯಾನುಲಾದಿಂದ ತೆಗೆಯುತ್ತಿದ್ದರು, ಅದರಿಂದಲೇ ಎಷ್ಟೋ ಸಲ ಎರಡನೇ ಚುಚ್ಚು ಬೇಕಾಗುತ್ತಿತ್ತು. ಹಾಗೆ ಬರೆದರೆ ಯಾರ ಮೇಲೂ ತಪ್ಪು ಹೊರಿಸಿದ ಹಾಗೆ ಆಗುವುದಿಲ್ಲ, ಸಮಸ್ಯೆಯೂ ಸರಿಯಾಗಿ ಕಾಣುತ್ತದೆ.

ಈಗ ಸಂಖ್ಯೆಗೆ ಬರೋಣ. 9,040ರಲ್ಲಿ 371 ಅಂದರೆ 100ಕ್ಕೆ 4.1. 9,310ರಲ್ಲಿ 158 ಅಂದರೆ 100ಕ್ಕೆ 1.7. "ಪ್ರತಿ 100 ಟ್ಯೂಬ್‌ನಲ್ಲಿ ನಾಲ್ಕು ರಿಜೆಕ್ಟ್ ಆಗುತ್ತಿತ್ತು, ಈಗ ಎರಡಕ್ಕಿಂತ ಕಡಿಮೆ" ಅನ್ನಿ. ಸೂರಿಯವರೇ, ಶೇಕಡಾ 60 ಅಂದರೆ ಓದುವವರಿಗೆ ಎಷ್ಟರಿಂದ ಎಷ್ಟಕ್ಕೆ ಅನ್ನುವುದು ಕಾಣುವುದಿಲ್ಲ. ಐದು ರಿಜೆಕ್ಟ್ ಎರಡಾದರೂ ಶೇಕಡಾ 60 ಇಳಿಕೆಯೇ. 57 ಇದ್ದದ್ದನ್ನು 60 ಮಾಡಿದ್ದು ಗೊತ್ತಾದರೆ ಉಳಿದ ಯಾವ ಸಂಖ್ಯೆಯನ್ನೂ ನಂಬುವುದಿಲ್ಲ. ಸಮಿತಿಯಲ್ಲಿ ಒಬ್ಬರಾದರೂ ಕ್ಯಾಲ್ಕುಲೇಟರ್ ತೆಗೆದೇ ತೆಗೆಯುತ್ತಾರೆ. ನಾನೇ ತೆಗೆಯುತ್ತಿದ್ದೆ.

"213 ರೋಗಿಗಳಿಗೆ ಮತ್ತೆ ಚುಚ್ಚುವುದು ತಪ್ಪಿತು" ಅಂತಲೂ ಬರೆಯಬೇಡಿ. ಒಬ್ಬರದೇ ಎರಡು ಟ್ಯೂಬ್ ಒಟ್ಟಿಗೆ ರಿಜೆಕ್ಟ್ ಆಗಿರುತ್ತದೆ. ಕೆಲವೊಮ್ಮೆ ಡಾಕ್ಟರೇ ಆ ಟೆಸ್ಟ್ ಬೇಡ ಅಂದಿರುತ್ತಾರೆ. ಟ್ಯೂಬ್ ಲೆಕ್ಕ ಟ್ಯೂಬ್ ಲೆಕ್ಕವಾಗಿಯೇ ಇರಲಿ.

ನಿಮ್ಮನ್ನು ಕಾಡುತ್ತಿರುವ ಹೋಲ್ಡರ್ ಪ್ರಶ್ನೆಗೆ ರಿಜಿಸ್ಟರ್‌ನಲ್ಲೇ ಉತ್ತರ ಇರಬಹುದು. ತೋರಿಸಲು ಶುರು ಮಾಡಿದ್ದು ಮಾರ್ಚ್ ಕೊನೆ. ಹೋಲ್ಡರ್ ಬಂದದ್ದು ಮೇ ಮಧ್ಯ. ನಡುವೆ ಏಪ್ರಿಲ್ ಪೂರ್ತಿ ಇದೆ. ಏಪ್ರಿಲ್ ಒಂದು ತಿಂಗಳದ್ದು ಎಷ್ಟು?

ಲ್ಯಾಬ್ ಕಿಟಕಿ

ಈಗಷ್ಟೇ ನೋಡಿದೆ. ಜನವರಿ 126, ಫೆಬ್ರವರಿ 121, ಮಾರ್ಚ್ 124. ಏಪ್ರಿಲ್ 92. ಆಮೇಲೆ ಜುಲೈ 56, ಆಗಸ್ಟ್ 49, ಸೆಪ್ಟೆಂಬರ್ 53. ತಿಂಗಳಿಗೆ ಬರುವ ಟ್ಯೂಬ್ ಹೆಚ್ಚು ಕಡಿಮೆ 3,000, ಏಪ್ರಿಲ್‌ನಲ್ಲೂ ಅಷ್ಟೇ.

ಇದನ್ನು ಹೀಗೆ ಬಿಡಿಸಿ ನೋಡೇ ಇರಲಿಲ್ಲ.

ಕ್ವಾಲಿಟಿ ಕೋಣೆ

ಹಾಗಾದರೆ ಹೋಲ್ಡರ್ ಬರುವ ಮೊದಲೇ 124 ಇದ್ದದ್ದು 92ಕ್ಕೆ ಬಂದಿದೆ. ಆ ಭಾಗಕ್ಕೆ ನೀವು ತೋರಿಸಿಕೊಟ್ಟದ್ದು ಮತ್ತು ನರ್ಸ್‌ಗಳು ಕೈ ಬದಲಿಸಿಕೊಂಡದ್ದು ಕಾರಣ ಅಂತ ಧೈರ್ಯವಾಗಿ ಹೇಳಬಹುದು. ಒಂದೇ ತಿಂಗಳ ಲೆಕ್ಕ, ಅದೂ ನೆನಪಿರಲಿ. 92ರಿಂದ 50ರ ಆಸುಪಾಸಿಗೆ ಬಂದದ್ದರಲ್ಲಿ ಹೋಲ್ಡರ್‌ನ ಪಾಲು ದೊಡ್ಡದಿರಬೇಕು. ಎಷ್ಟು ಅಂತ ಬೇರ್ಪಡಿಸಲು ಬರುವುದಿಲ್ಲ. ಎರಡನ್ನೂ ಬರೆದುಬಿಡಿ. ಪಾಲು ಹೀಗೆ ಹಂಚಿ ಬರೆದದ್ದನ್ನು ಓದಿದಾಗ ಸಮಿತಿಯಲ್ಲಿ ನಾವು ಆ ಅರ್ಜಿಯನ್ನು ಪಕ್ಕಕ್ಕೆ ತೆಗೆದಿಟ್ಟುಕೊಳ್ಳುತ್ತಿದ್ದೆವು. "ಇಡೀ ತಂಡದ್ದು" ಅನ್ನುವ ಸಾಲು ಪ್ರತಿ ಅರ್ಜಿಯಲ್ಲೂ ಇರುತ್ತಿತ್ತು. ಅದರಿಂದ ತಂಡದಲ್ಲಿ ಯಾರು ಏನು ಮಾಡಿದರು ಅಂತ ಒಂದು ಅಕ್ಷರವೂ ತಿಳಿಯುತ್ತಿರಲಿಲ್ಲ.

ಸೆಪ್ಟೆಂಬರ್ ಆದ ಮೇಲೆ ಏನಾಯಿತು? ಪ್ರಶಸ್ತಿ ಇಡೀ ವರ್ಷದ್ದಲ್ಲವಾ?

ಲ್ಯಾಬ್ ಕಿಟಕಿ

ಅಕ್ಟೋಬರ್ 54. ನವೆಂಬರ್‌ನಲ್ಲಿ 71ಕ್ಕೆ ಏರಿತು. ಆ ತಿಂಗಳು ಹೊಸ ನರ್ಸ್‌ಗಳು ಸೇರಿದರು, ಅವರಿಗೆ ಯಾರೂ ತೋರಿಸಿರಲಿಲ್ಲ. ಡಿಸೆಂಬರ್‌ನಿಂದ ಹೊಸಬರ ಇಂಡಕ್ಷನ್‌ನಲ್ಲೇ ಅರ್ಧ ಗಂಟೆ ಇದಕ್ಕೆ ಕೊಟ್ಟಿದ್ದಾರೆ. ಡಿಸೆಂಬರ್ 58. ನವೆಂಬರ್ ವಿಷಯ ಬರೆಯುವುದು ಬೇಡ ಅಂದುಕೊಂಡಿದ್ದೆ.

ಸೇಲ್ಸ್ ಸೂರಿ

ಬೇಡವೇ ಬೇಡ ಮೇಡಂ. ನಮ್ಮ ಸೋಲನ್ನು ನಾವೇ ಯಾಕೆ ಬರೆದುಕೊಡಬೇಕು? ಅವರು ಕೇಳಿದರೆ ಆಗ ಹೇಳಿ. ಸುಳ್ಳು ಹೇಳಿ ಅನ್ನುತ್ತಿಲ್ಲ. ಇರುವುದೇ 300 ಪದ, ಅದರಲ್ಲಿ ಒಳ್ಳೆಯದಕ್ಕೆ ಜಾಗ ಕೊಡಿ ಅಂತ.

ಕ್ವಾಲಿಟಿ ಕೋಣೆ

ನಾನು ಬರೆಯಿರಿ ಅನ್ನುತ್ತೇನೆ. ಕ್ವಾಲಿಟಿ ಮೀಟಿಂಗ್‌ನಲ್ಲಿ ಪ್ರತಿ ತಿಂಗಳ ಸಂಖ್ಯೆ ಹೋಗಿರುತ್ತದೆ, ಸಮಿತಿಯಲ್ಲಿ ಅದನ್ನು ನೋಡಿದವರು ಇದ್ದೇ ಇರುತ್ತಾರೆ. ಅದಕ್ಕಿಂತ ಮುಖ್ಯ, ಏರಿದಾಗ ಯಾಕೆ ಏರಿತು ಅಂತ ಹಿಡಿದು ಇಂಡಕ್ಷನ್‌ಗೆ ಸೇರಿಸಿದಿರಲ್ಲ, ಆ ಕೆಲಸ ಹದಿನಾಲ್ಕು ಸಲ ತೋರಿಸಿದ್ದಕ್ಕಿಂತ ದೊಡ್ಡದು. ನಾಳೆ ನೀವು ರಜೆ ಹೋದರೂ ಅದು ನಡೆಯುತ್ತದೆ.

ಅಚ್ಚುಮೊಳೆ

ನಾನು ಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಆಸ್ಪತ್ರೆ ವಿಷಯ ನನಗೆ ತಿಳಿಯದು. ಭಾಷೆ ಬಗ್ಗೆ ಒಂದು ಮಾತು.

ನಿಮ್ಮ ಮೊದಲ ಕರಡಿನಲ್ಲಿ "ಕೈಗೊಳ್ಳಲಾಯಿತು, ನೀಡಲಾಯಿತು, ಸರಿಪಡಿಸಲಾಯಿತು" ಅಂತ ಮೂರು ಸಲ ಬಂದಿದೆ. ಓದುವವರಿಗೆ ಯಾರು ಮಾಡಿದರು ಅಂತ ಗೊತ್ತೇ ಆಗುವುದಿಲ್ಲ. ಸಂಕೋಚಕ್ಕೆ ಹಾಗೆ ಬರೆದಿದ್ದೀರಿ ಅಂತ ಅರ್ಥವಾಗುತ್ತದೆ. ಆದರೆ ಸೂರಿಯವರು ಹೇಳಿದ ಹಾಗೆ ಪ್ರತಿ ಸಾಲಿಗೂ "ನಾನು" ಹಾಕಬೇಕಾಗಿಲ್ಲ. ಕನ್ನಡದ ಕ್ರಿಯಾಪದದಲ್ಲೇ ಅದು ಇದೆ. "ನಿಂತು ನೋಡಿದೆ", "ಕಾರ್ಡ್ ಬರೆದೆ" ಅಂದರೆ ಸಾಕು, ಮಾಡಿದವರು ನೀವು ಅಂತ ಗೊತ್ತಾಯಿತು. "ತರಿಸಿದರು" ಅಂದರೆ ಬೇರೆಯವರು ಅಂತ ಗೊತ್ತಾಯಿತು. ನೀವು ಮೇಲೆ ಪ್ರಶ್ನೆಗಳಿಗೆ ಉತ್ತರ ಬರೆದಿರಲ್ಲ, ಅಜ್ಜಿಯ ಕಥೆ ಇರುವುದು, ಅಲ್ಲಿ ಇದನ್ನು ಎಷ್ಟು ಸಹಜವಾಗಿ ಮಾಡಿದ್ದೀರಿ ನೋಡಿ. ಅಲ್ಲಿ ಹೊಗಳಿಕೆಯೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ. ಆ ಉತ್ತರವನ್ನೇ ಮೊಟಕು ಮಾಡಿ.

"ಗಣನೀಯವಾಗಿ", "ಸೂಕ್ತ", "ವಿವಿಧ" ಮೂರನ್ನೂ ತೆಗೆಯಿರಿ. ಸಂಖ್ಯೆ ಬಂದ ಮೇಲೆ ಅವುಗಳಿಗೆ ಕೆಲಸ ಇಲ್ಲ. "ಅಳಿಲು ಸೇವೆ" ಕೂಡ ಬೇಡ. ಅದು ಬೇರೆಯವರು ನಮ್ಮ ಪಾಲನ್ನು ಅಳೆಯುವ ಮೊದಲೇ ನಾವೇ ಚಿಕ್ಕದು ಅಂತ ಹೇಳಿಬಿಡುವುದು.

ತಾಲೂಕು ಕಚೇರಿ

ಒಂಬತ್ತು ವರ್ಷದ ಸೇವೆ ಅನ್ನುವುದನ್ನೂ ತೆಗೆಯಬೇಕಾ? ಸೀನಿಯಾರಿಟಿಗೆ ಬೆಲೆ ಬೇಡವಾ?

ಕ್ವಾಲಿಟಿ ಕೋಣೆ

ಇರಲಿ ಸರ್, ಅರ್ಧ ಸಾಲಿನಲ್ಲಿ. ಸರ್ವೀಸ್ ಎಷ್ಟು ಅಂತ ಎಚ್ಆರ್ ಹತ್ತಿರ ಇದ್ದೇ ಇರುತ್ತದೆ. ಈ ಫಾರ್ಮ್ ಕೇಳುತ್ತಿರುವುದು ಈ ವರ್ಷ ಏನು ಬದಲಾಯಿತು ಅಂತ.

ಲ್ಯಾಬ್ ಕಿಟಕಿ

ಎಲ್ಲರ ಮಾತು ಇಟ್ಟುಕೊಂಡು ಮತ್ತೆ ಬರೆದೆ. ನೋಡಿ.

"ಒಂಬತ್ತು ವರ್ಷದಿಂದ ಇಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿದ್ದೇನೆ. ಈ ವರ್ಷದ ಮೊದಲ ಮೂರು ತಿಂಗಳಲ್ಲಿ ವಾರ್ಡ್ ಮತ್ತು ಎಮರ್ಜೆನ್ಸಿಯಿಂದ ಬಂದ 9,040 ಟ್ಯೂಬ್‌ಗಳಲ್ಲಿ 371 ರಿಜೆಕ್ಟ್ ಆದವು. ಅಂದರೆ 100ಕ್ಕೆ ನಾಲ್ಕು. ಫೆಬ್ರವರಿಯಲ್ಲಿ ಒಬ್ಬ ವಯಸ್ಸಾದ ರೋಗಿಗೆ ಒಂದೇ ರಾತ್ರಿ ಮೂರು ಸಲ ಚುಚ್ಚಬೇಕಾಯಿತು. ಅದಾದ ಮೇಲೆ ಈ ಕೆಲಸ ಶುರು ಮಾಡಿದೆ.

ರಿಜಿಸ್ಟರ್‌ಗೆ ಕಾರಣ ಮತ್ತು ವಿಭಾಗದ ಕಾಲಂ ಸೇರಿಸಿದೆ. ಅರ್ಧಕ್ಕಿಂತ ಹೆಚ್ಚು ಎಮರ್ಜೆನ್ಸಿಯಿಂದ ಬರುತ್ತಿವೆ ಎಂದು ತಿಳಿಯಿತು. ಆರು ರಾತ್ರಿ ಅಲ್ಲಿ ನಿಂತು ನೋಡಿದೆ. ಒಂದೇ ಚುಚ್ಚಿನಲ್ಲಿ ಮುಗಿಸಲು ನರ್ಸ್‌ಗಳು ಕ್ಯಾನುಲಾದಿಂದಲೇ ಸಿರಿಂಜ್‌ನಲ್ಲಿ ರಕ್ತ ತೆಗೆಯುತ್ತಿದ್ದರು. ಆ ಒತ್ತಡಕ್ಕೆ ಕೆಂಪು ಕಣಗಳು ಒಡೆದು ಎರಡನೇ ಸ್ಯಾಂಪಲ್ ಬೇಕಾಗುತ್ತಿತ್ತು. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ 14 ಸಲ ಮಾಡಿ ತೋರಿಸಿದೆ. ಟ್ಯೂಬ್‌ಗಳ ಕ್ರಮದ ಕಾರ್ಡ್ ಬರೆದು ಟ್ರಾಲಿಗೆ ಹಾಕಿದೆ.

ಮಾರ್ಚ್‌ನಲ್ಲಿ 124 ಇದ್ದ ರಿಜೆಕ್ಟ್ ಏಪ್ರಿಲ್‌ನಲ್ಲಿ 92 ಆಯಿತು. ಮೇ ಮಧ್ಯದಲ್ಲಿ ನರ್ಸಿಂಗ್ ವಿಭಾಗದವರು ವ್ಯಾಕ್ಯೂಮ್ ಹೋಲ್ಡರ್ ತರಿಸಿದರು. ಜುಲೈಯಿಂದ ಸೆಪ್ಟೆಂಬರ್‌ವರೆಗೆ 9,310 ಟ್ಯೂಬ್‌ಗಳಲ್ಲಿ 158 ರಿಜೆಕ್ಟ್, 100ಕ್ಕೆ ಎರಡಕ್ಕಿಂತ ಕಡಿಮೆ. ಎಮರ್ಜೆನ್ಸಿಯಲ್ಲಿ 1,850ಕ್ಕೆ 190 ಇದ್ದದ್ದು 1,920ಕ್ಕೆ 62 ಆಯಿತು. ರಿಜೆಕ್ಟ್ ಮಾಡುವ ಮಿತಿಯನ್ನು ವರ್ಷದಲ್ಲಿ ಬದಲಿಸಿಲ್ಲ. ಈ ಇಳಿಕೆಯಲ್ಲಿ ಹೋಲ್ಡರ್‌ನ ಪಾಲು ದೊಡ್ಡದು. ರಾತ್ರಿಯ ಒತ್ತಡದಲ್ಲೂ ಕೈ ಬದಲಿಸಿಕೊಂಡದ್ದು ಎಮರ್ಜೆನ್ಸಿ ನರ್ಸ್‌ಗಳು. ಕಾರಣ ಹುಡುಕಿದ್ದು, ತೋರಿಸಿಕೊಟ್ಟದ್ದು ಮತ್ತು ಪ್ರತಿ ತಿಂಗಳ ಲೆಕ್ಕ ಇಟ್ಟದ್ದು ನನ್ನ ಪಾಲು.

ನವೆಂಬರ್‌ನಲ್ಲಿ ಹೊಸ ನರ್ಸ್‌ಗಳು ಸೇರಿದಾಗ ಸಂಖ್ಯೆ 71ಕ್ಕೆ ಏರಿತು. ಕಾರಣ ತಿಳಿಸಿ, ಇಂಡಕ್ಷನ್‌ನಲ್ಲಿ ಅರ್ಧ ಗಂಟೆ ಕೇಳಿ ಪಡೆದೆ. ಡಿಸೆಂಬರ್‌ನಲ್ಲಿ 58. ರಿಜಿಸ್ಟರ್ ಯಾವಾಗ ಬೇಕಾದರೂ ನೋಡಬಹುದು."

ಅಚ್ಚುಮೊಳೆ

ಇಡೀ ಬರಹದಲ್ಲಿ "ನಾನು" ಅನ್ನುವ ಪದ ಒಂದು ಸಲವೂ ಇಲ್ಲ, "ನನ್ನ ಪಾಲು" ಒಂದೇ ಕಡೆ ಇದೆ. ಆದರೂ ನೀವು ಏನು ಮಾಡಿದಿರಿ ಅಂತ ನನಗೆ ಪೂರ್ತಿ ತಿಳಿಯಿತು. "ರಿಜೆಕ್ಟ್" ಅನ್ನೇ ಇಟ್ಟದ್ದು ಒಳ್ಳೆಯದಾಯಿತು, ನಿಮ್ಮಲ್ಲಿ ಎಲ್ಲರೂ ಅದನ್ನೇ ಅನ್ನುವುದಾದರೆ "ತಿರಸ್ಕೃತ" ಬೇಕಿಲ್ಲ.

ಸೇಲ್ಸ್ ಸೂರಿ

ಚೆನ್ನಾಗಿದೆ ಮೇಡಂ. "ಹೋಲ್ಡರ್‌ನ ಪಾಲು ದೊಡ್ಡದು" ಅನ್ನುವ ಸಾಲು ಮಾತ್ರ ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಬೇರೆ ಅರ್ಜಿದಾರರು ಯಾರೂ ಹೀಗೆ ಬಿಟ್ಟುಕೊಡುವುದಿಲ್ಲ, ಪಕ್ಕಪಕ್ಕ ಇಟ್ಟಾಗ ನಿಮ್ಮದು ಸಣ್ಣದಾಗಿ ಕಾಣಬಹುದು ಅನ್ನುವ ಹೆದರಿಕೆ ನನಗೆ.

ಕ್ವಾಲಿಟಿ ಕೋಣೆ

ಆ ಹೆದರಿಕೆ ಸುಳ್ಳಲ್ಲ. ಗಡಿಬಿಡಿಯಲ್ಲಿ ಓದುವ ಸಮಿತಿಗಳನ್ನೂ ನೋಡಿದ್ದೇನೆ. ಆದರೂ ಆ ಸಾಲು ಇರಲಿ. ಒಂದು ಸಣ್ಣ ತಿದ್ದುಪಡಿ. ಹೋಲ್ಡರ್ ತರಿಸಿದರು ಅನ್ನುವ ಕಡೆ "ಈ ಪಟ್ಟಿ ನೋಡಿ" ಅಂತ ಸೇರಿಸಿ. ಅದು ನಡೆದ ವಿಷಯವೇ, ನೀವೇ ಮೇಲೆ ಹೇಳಿದ್ದೀರಿ. ಸಂಕೋಚಕ್ಕೆ ನಿಜವನ್ನೇ ಬಿಟ್ಟಿದ್ದೀರಿ.

ಲ್ಯಾಬ್ ಕಿಟಕಿ

ಸೇರಿಸಿದೆ. ಧನ್ಯವಾದ ಮೇಡಂ. ಇವತ್ತು ಡ್ಯೂಟಿ ಮುಗಿಸಿ ಕರಡನ್ನು ಎಮರ್ಜೆನ್ಸಿಗೆ ತಗೊಂಡು ಹೋಗಿದ್ದೆ. ಅಲ್ಲಿನ ಇನ್‌ಚಾರ್ಜ್ ಸಿಸ್ಟರ್‌ಗೆ ಕೊಟ್ಟು ಓದಿ ಅಂದೆ. ನಿಂತಲ್ಲೇ ಪೂರ್ತಿ ಓದಿದರು. "ನಾಲ್ಕು ಬೆಡ್ ಅಲ್ಲ, ನಮ್ಮಲ್ಲಿ ರಾತ್ರಿ ಆರು ಬೆಡ್‌ಗೆ ಇಬ್ಬರು, ಅದನ್ನೂ ಬರೆಯಬಹುದಿತ್ತು" ಅಂದರು. ಇಲ್ಲಿ ನಡೆದ ಚರ್ಚೆಯನ್ನೂ ಅವರಿಗೆ ತೋರಿಸಿದ್ದೆ. "ಒಂದೇ ಚುಚ್ಚಿನಲ್ಲಿ ಮುಗಿಸಲು" ಅನ್ನುವ ಸಾಲಿನ ಮೇಲೆ ಬೆರಳಿಟ್ಟು ಇದು ಇರಲಿ ಅಂದರು. "ರಾತ್ರಿಯ ಒತ್ತಡದಲ್ಲೂ" ಇದ್ದ ಕಡೆ "ಆರು ಬೆಡ್‌ಗೆ ಇಬ್ಬರೇ ಇರುವ ರಾತ್ರಿಗಳಲ್ಲೂ" ಅಂತ ಬದಲಿಸಿದೆ.

ರಾತ್ರಿ ಪಾಳಿ

ಅವರಿಗೆ ತೋರಿಸಿದ್ದು ಕೇಳಿ ಖುಷಿಯಾಯಿತು. ಕಾರ್ಡ್‌ನ ಫೋಟೋ ಇದ್ದರೆ ಹಾಕುತ್ತೀರಾ? ನಮ್ಮ ಟ್ರಾಲಿಗೂ ಬೇಕು. ಪ್ರಶಸ್ತಿ ಒಬ್ಬರಿಗೆ ಹೋಗುವುದರ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ನಿಮ್ಮ ತಪ್ಪಲ್ಲ, ಫಾರ್ಮ್ ಮಾಡಿದವರು ಎರಡನೇ ಹೆಸರಿಗೂ ಜಾಗ ಇಡಬೇಕಿತ್ತು.

ಲ್ಯಾಬ್ ಕಿಟಕಿ

ನಾಳೆ ಫೋಟೋ ಹಾಕುತ್ತೇನೆ ಸಿಸ್ಟರ್. ಎರಡನೇ ಹೆಸರಿನ ವಿಷಯ ಎಚ್ಆರ್‌ಗೆ ಬೇರೆ ಪತ್ರ ಬರೆದು ಕೊಡುತ್ತೇನೆ.

ತಾಲೂಕು ಕಚೇರಿ

ಇದನ್ನೆಲ್ಲ ಓದಿ ನನ್ನ ಅರ್ಜಿ ತೆಗೆದು ನೋಡಿದೆ. ಹದಿನೇಳು ವರ್ಷದ ಸೇವೆ, ಮೆಮೋ ಇಲ್ಲ ಅನ್ನುವುದು ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ಆದರೆ ಎರಡು ವರ್ಷದಿಂದ ಪಹಣಿ ತಿದ್ದುಪಡಿ ಅರ್ಜಿಗಳಿಗೆ ನಾನೇ ಒಂದು ಪುಸ್ತಕ ಇಟ್ಟಿದ್ದೇನೆ. ಯಾವ ಅರ್ಜಿ ಯಾರ ಟೇಬಲ್ ಮೇಲೆ ಎಷ್ಟು ದಿನ ಇತ್ತು ಅಂತ ಬರೆಯುತ್ತೇನೆ. ಜನ ಬಂದು ಕೇಳಿದಾಗ ಆ ಪುಸ್ತಕ ತೆಗೆದು ಹೇಳುತ್ತೇನೆ. ಇದು ಬರೆಯುವಂಥದ್ದಾ ಮೇಡಂ?

ಕ್ವಾಲಿಟಿ ಕೋಣೆ

ಬರೆಯುವಂಥದ್ದೇ ಸರ್. ಪುಸ್ತಕ ಇಡಲು ಶುರು ಮಾಡಿದ ಮೊದಲ ಮೂರು ತಿಂಗಳಲ್ಲಿ ಒಂದು ಅರ್ಜಿ ಮುಗಿಯಲು ಎಷ್ಟು ದಿನ ಆಗುತ್ತಿತ್ತು, ಈ ಮೂರು ತಿಂಗಳಲ್ಲಿ ಎಷ್ಟು ದಿನ ಆಗುತ್ತಿದೆ? ನಡುವೆ ಕಚೇರಿಯಲ್ಲಿ ಏನಾದರೂ ಬದಲಾಗಿದೆಯಾ, ಹೊಸ ಸಿಬ್ಬಂದಿ, ಹೊಸ ಸಾಫ್ಟ್‌ವೇರ್? ಅದನ್ನು ನೋಡಿ ಹೇಳಿ.

ತಾಲೂಕು ಕಚೇರಿ

ಪುಸ್ತಕ ಆಫೀಸಿನಲ್ಲಿದೆ. ಸೋಮವಾರ ನೋಡಿ ಬರೆಯುತ್ತೇನೆ.